ಕ್ಯಾನ್ಸಲ್ ಮಾಡಿದ ಮೇಲೂ ಆ್ಯಪ್ ಓಪನ್ ಆಗ್ತಿದ್ರೆ ಅಕೌಂಟ್ ಡಿಲೀಟ್ ಮಾಡಬೇಡಿ

ಪ್ರಶ್ನೆ: ತಿಂಗಳ ನಡುವೆಯೇ ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿದೆ. ಆದ್ರೂ ಆ್ಯಪ್ ಇನ್ನೂ ಓಪನ್ ಆಗ್ತಿದೆ, ಉಳಿದ ದಿನಗಳ ದುಡ್ಡೂ ವಾಪಸ್ ಬಂದಿಲ್ಲ. ಅಕೌಂಟೇ ಡಿಲೀಟ್ ಮಾಡಿದ್ರೆ ಬರುತ್ತಾ?

ಬರಲ್ಲ. ನಾನು ಅದೇ ಕೆಲಸ ಮಾಡಿ ದುಡ್ಡಿನ ಜೊತೆ ಫೈಲುಗಳನ್ನೂ ಕಳೆದುಕೊಂಡೆ.

ಫೈಲು ಇಟ್ಟುಕೊಳ್ಳುವ ಒಂದು ಸೇವೆಗೆ ವರ್ಷದ ಪ್ಲ್ಯಾನ್ ತಗೊಂಡಿದ್ದೆ. ಕೆಲವು ತಿಂಗಳಾದ ಮೇಲೆ ಅದರ ಅಗತ್ಯ ಇಲ್ಲ ಅನಿಸಿ ಕ್ಯಾನ್ಸಲ್ ಒತ್ತಿದೆ. ಮರುದಿನ ನೋಡಿದರೆ ಎಲ್ಲವೂ ಮೊದಲಿನ ಹಾಗೇ ತೆರೆದುಕೊಳ್ಳುತ್ತಿದೆ. ಪ್ಲ್ಯಾನ್ ಪುಟದಲ್ಲಿ ‘Active’ ಅಂತಲೇ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇಂಥ ತಾರೀಖಿಗೆ ಮುಗಿಯುತ್ತದೆ ಅಂತ ಒಂದು ಸಾಲಿತ್ತು. ಅದನ್ನು ನಾನು ಓದಲೇ ಇಲ್ಲ. ಕ್ಯಾನ್ಸಲ್ ಆಗಿಲ್ಲ, ಮತ್ತೆ ದುಡ್ಡು ಕಟ್ ಆಗುತ್ತದೆ ಅಂದುಕೊಂಡು ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟನ್ನೇ ಡಿಲೀಟ್ ಮಾಡಿದೆ. ಎಚ್ಚರಿಕೆಯ ಪೆಟ್ಟಿಗೆ ಬಂತು, ಅದಕ್ಕೂ ಒಪ್ಪಿಗೆ ಕೊಟ್ಟೆ. ಆಮೇಲೆ ರೀಫಂಡ್ ಕೇಳಿ ಸಪೋರ್ಟ್‌ಗೆ ಬರೆದಾಗ ಅಲ್ಲಿನವರು, "ಸರ್, ಕ್ಯಾನ್ಸಲ್ ಮಾಡಿ ಸುಮ್ಮನಿದ್ದಿದ್ದರೆ ವರ್ಷದ ಕೊನೆವರೆಗೂ ನೀವು ಬಳಸಬಹುದಿತ್ತು. ಡಿಲೀಟ್ ಮಾಡಿದ ಅಕೌಂಟನ್ನು ನಾವು ವಾಪಸ್ ತರೋಕೆ ಆಗಲ್ಲ" ಅಂದರು.

ಕ್ಯಾನ್ಸಲ್ ಮತ್ತು ಡಿಲೀಟ್ ಎರಡೂ ಬೇರೆಬೇರೆ ಕೆಲಸ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹೆಚ್ಚಿನ ಕಡೆ ನೀವು ಕ್ಯಾನ್ಸಲ್ ಮಾಡುವುದು ಸೇವೆಯನ್ನಲ್ಲ, ಮುಂದಿನ ರಿನ್ಯೂವಲ್ ಅನ್ನು. ಸ್ಟ್ರೈಪ್ ಅನ್ನುವ ಪೇಮೆಂಟ್ ವ್ಯವಸ್ಥೆಯಲ್ಲಿ ಇದಕ್ಕೆ `cancel_at_period_end` ಅನ್ನುವ ಒಂದು ಗುರುತೇ ಇದೆ. ಅದು `true` ಆದರೂ ಸಬ್‌ಸ್ಕ್ರಿಪ್ಷನ್ ಸ್ಥಿತಿ `active` ಆಗೇ ಇರುತ್ತದೆ. ಕಟ್ಟಿದ ಅವಧಿ ಮುಗಿದ ದಿನ ಹೊಸ ಬಿಲ್ ಹಾಕದೆ ತಾನಾಗಿ ಮುಚ್ಚುತ್ತದೆ. ಅಂದರೆ ನೀವು 1ನೇ ತಾರೀಖು ಇಡೀ ತಿಂಗಳಿಗೆ ಕಟ್ಟಿ 10ಕ್ಕೆ ಕ್ಯಾನ್ಸಲ್ ಮಾಡಿದರೆ, ತಿಂಗಳ ಕೊನೆವರೆಗೂ ಅದು ನಿಮ್ಮದೇ. ಆ್ಯಪ್ ಓಪನ್ ಆಗುತ್ತಿರುವುದು ಕ್ಯಾನ್ಸಲ್ ಆಗಿಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಹಾಗಾಗಿ ‘ಉಳಿದ ದಿನಗಳ ದುಡ್ಡು’ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪಲ್ಲ. ಆ ದಿನಗಳನ್ನು ಅವರು ನಿಮ್ಮಿಂದ ಕಿತ್ತುಕೊಂಡಿಲ್ಲ. ನೀವು ಕಟ್ಟಿದ್ದು ದಿನದ ಬಾಡಿಗೆಯಲ್ಲ, ಒಂದು ಇಡೀ ಅವಧಿಯ ಬೆಲೆ, ಅದೂ ಮುಂಗಡವಾಗಿ. ದಿನದ ಲೆಕ್ಕದಲ್ಲಿ ವಾಪಸ್ ಕೊಡುತ್ತಾ ಹೋದರೆ ವರ್ಷದ ರಿಯಾಯಿತಿ ದರದಲ್ಲಿ ಸೇರಿ ಎರಡೇ ತಿಂಗಳಿಗೆ ಹೊರಬರಬಹುದು, ಆಗ ಆ ರಿಯಾಯಿತಿಗೆ ಅರ್ಥ ಇರಲ್ಲ. ಜೊತೆಗೆ ಕಂಪನಿ ರೀಫಂಡ್ ಮಾಡಿದರೂ ಮೊದಲ ಪೇಮೆಂಟ್‌ಗೆ ಅದು ಕೊಟ್ಟ ಶುಲ್ಕವನ್ನು ಎಷ್ಟೋ ಪೇಮೆಂಟ್ ಗೇಟ್‌ವೇಗಳು ಹಿಂತಿರುಗಿಸಲ್ಲ. ಅವಧಿ ಮುಗಿಯುವವರೆಗೆ ಬಾಗಿಲು ತೆರೆದಿಟ್ಟರೆ ಇದ್ಯಾವ ಲೆಕ್ಕಾಚಾರವೂ ಬೇಕಾಗಲ್ಲ.

ದಿನದ ಲೆಕ್ಕ ಕಾಣಿಸುವುದು ಹೆಚ್ಚಾಗಿ ಪ್ಲ್ಯಾನ್ ಬದಲಿಸುವಾಗ. ಚಿಕ್ಕ ಪ್ಲ್ಯಾನ್‌ನಿಂದ ದೊಡ್ಡದಕ್ಕೆ ಹೋದರೆ ಹಳೆಯದರಲ್ಲಿ ಉಳಿದ ದಿನಗಳ ಬೆಲೆಯನ್ನು ಹೊಸ ಬಿಲ್‌ನಲ್ಲಿ ಕಳೆಯುತ್ತಾರೆ. ಅದು ಕ್ರೆಡಿಟ್ ಆಗಿ ಅಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ ಕಾರ್ಡ್‌ಗೆ ಬರಲ್ಲ. ಅಲ್ಲಿ ಕಂಡ ಕ್ರೆಡಿಟ್ ನೋಡಿಯೇ ಕ್ಯಾನ್ಸಲ್‌ಗೂ ಹಾಗೇ ಬರುತ್ತದೆ ಅಂತ ನಾನು ನಂಬಿದ್ದು.

ಕೊನೆಯ ದಿನದವರೆಗೆ ಕಾಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೇಡ ಅನಿಸಿದ ದಿನವೇ ಕ್ಯಾನ್ಸಲ್ ಮಾಡಿ, ದಿನಗಳು ಹೇಗೂ ಉಳಿಯುತ್ತವೆ. ಕಾಯುತ್ತಾ ಕೂತರೆ ಅವರ ಗಡಿಯಾರದ ಪ್ರಕಾರ ರಿನ್ಯೂವಲ್ ಆಗಿಹೋಗಿರುತ್ತದೆ. ಆಪಲ್‌ನಲ್ಲಿ ಫ್ರೀ ಟ್ರಯಲ್ ಆಗಿದ್ದರೆ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮುಂಚೆಯೇ ಕ್ಯಾನ್ಸಲ್ ಮಾಡಬೇಕು. ಆದರೆ ಟ್ರಯಲ್‌ಗಳಲ್ಲಿ ಒಂದು ವಿಷಯ ನೋಡಿಕೊಳ್ಳಿ: ಅಲ್ಲಿ ನೀವು ಏನೂ ಕಟ್ಟಿರಲ್ಲ, ಹಾಗಾಗಿ ಕೆಲವು ಕಡೆ ಕ್ಯಾನ್ಸಲ್ ಒತ್ತಿದ ಕ್ಷಣವೇ ಬಾಗಿಲು ಮುಚ್ಚುತ್ತದೆ. ಒತ್ತುವ ಮೊದಲು ಆ ಪೆಟ್ಟಿಗೆಯಲ್ಲಿ ಯಾವ ತಾರೀಖು ಬರೆದಿದೆ ಓದಿ.

ಈಗ ನೀವು ಮಾಡಬೇಕಾದ್ದು ಇಷ್ಟೇ. ಬಿಲ್ಲಿಂಗ್ ಪುಟ ತೆರೆಯಿರಿ. ‘Renews on’ ಅಂತ ತಾರೀಖಿದ್ದರೆ ಕ್ಯಾನ್ಸಲ್ ಪೂರ್ತಿ ಆಗಿಲ್ಲ, ಕೊನೆಯ ಕನ್ಫರ್ಮ್ ಬಟನ್ ತಪ್ಪಿಹೋಗಿರಬಹುದು. ‘Ends on’ ಅಥವಾ ‘Expires on’ ಅಂತಿದ್ದರೆ ಆಗಿದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆ ತಾರೀಖಿನ ಒಳಗೆ ನಿಮ್ಮ ಫೈಲುಗಳನ್ನು ಇಳಿಸಿಕೊಳ್ಳಿ. ರೀಫಂಡ್ ಕೇಳಲೇಬೇಕು ಅಂದರೆ, ಎರಡು ಸಲ ದುಡ್ಡು ಕಟ್ ಆಗಿದ್ದರೆ ಅಥವಾ ಮೊನ್ನೆಯಷ್ಟೇ ರಿನ್ಯೂ ಆಗಿ ನೀವು ಬಳಸಿಯೇ ಇಲ್ಲದಿದ್ದರೆ ಕೇಳಿ. ಅಂಥದ್ದಕ್ಕೆ ಅವರು ಒಪ್ಪುವುದುಂಟು. ಆಪಲ್‌ನ ಆಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಆ ಅರ್ಜಿ ಹೋಗಬೇಕಾದ್ದು ಸ್ಟೋರ್‌ಗೆ, ಆ್ಯಪ್ ಕಂಪನಿಗಲ್ಲ.