ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ ಬಟ್ಟೆ, ಗಿಡ, ಕುರ್ಚಿ

ಪ್ರಶ್ನೆ: ನಮ್ಮ ಬಾಲ್ಕನಿ 10 ಅಡಿ ಉದ್ದ, 4 ಅಡಿ ಅಗಲ. ಬಟ್ಟೆ ಒಣಗಿಸಬೇಕು, ಗಿಡ ಇಡಬೇಕು, ಕೂರಬೇಕು, ಎದುರು ಫ್ಲಾಟಿನವರಿಗೆ ಕಾಣಬಾರದು. ಆಗುತ್ತಾ?

ಆಗುತ್ತೆ. ಮೊದಲು ಬಟ್ಟೆಯನ್ನು ಸೂರಿಗೆ ಕಳಿಸಿ. ಹಗ್ಗ ಎಳೆದರೆ ಮೇಲೆ ಹೋಗುವ ರಾಟೆ ಹ್ಯಾಂಗರ್ ಬರುತ್ತಲ್ಲ, ಅದನ್ನು ಉದ್ದದ ಒಂದು ತುದಿಯಲ್ಲಿ ಮಾತ್ರ ಹಾಕಿಸಿ, ಪೂರ್ತಿ ಬೇಡ, ಯಾಕಂದ್ರೆ ಒದ್ದೆ ಸೀರೆ ಮೇಲಿಂದ ಇಳಿಬಿದ್ದು ಕೂತವರ ತಲೆಗೆ ತಾಗುತ್ತೆ. ನೀರು ಹೋಗುವ ಜಾಲರಿ ಇರುವ ತುದಿಯೇ ಸರಿ. ತೊಟ್ಟಿಕ್ಕಿದ್ದು ಅಲ್ಲೇ ಹೋಗುತ್ತೆ.

ಇನ್ನೊಂದು ತುದಿ ಕೂರೋಕೆ. ಮರೆಗೆ ಎತ್ತರದ ಪರದೆ ಕಟ್ಟಬೇಡಿ, ಗಾಳಿ ನಿಂತು ಬಟ್ಟೆ ಮುಗ್ಗಲು ವಾಸನೆ ಬರುತ್ತೆ. ಆಸನ ತಗ್ಗಿಸಿ. ಒಂದೂವರೆ ಅಡಿ ಕುರ್ಚಿಯಲ್ಲಿ ಕೂತರೆ ಕಣ್ಣು ಸುಮಾರು 4 ಅಡಿಗೆ ಬರುತ್ತೆ, ರೇಲಿಂಗ್ ದಾಟಿಬಿಡುತ್ತೆ. ಮುಕ್ಕಾಲು ಅಡಿಯ ಮಣೆ ಮೇಲೆ ದಿಂಬು ಹಾಕಿ ಕೂತರೆ ಮೂರೂವರೆ ಅಡಿಯೊಳಗೇ ಇರ್ತೀರಿ. ಉಳಿದ ಸಂದು ಮುಚ್ಚೋಕೆ ಗಿಡ ಸಾಕು.

ಕುಂಡಗಳು ರೇಲಿಂಗಿನ ಒಳಗೇ ಇರಲಿ. ಹೊರಗೆ ನೇತುಹಾಕಿದರೆ ಗಾಳಿಮಳೆಗೆ ಕೆಳಗಿನವರ ತಲೆ ಮೇಲೆ ಬೀಳಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಮಣೆ, ಕುಂಡ ಎರಡನ್ನೂ ರೇಲಿಂಗಿನಿಂದ ದೂರ ಗೋಡೆ ಪಕ್ಕ ಇಡಿ, ಹತ್ತಿಬಿಡ್ತಾರೆ.