ಇಂಗ್ಲಿಷ್ ಟೆಂಪ್ಲೇಟ್‌ಗೆ ಕನ್ನಡ ಕೂರಿಸುವಾಗ ಮೊದಲು ಸಾಲಿನ ಅಂತರ ನೋಡಿ

ಪ್ರಶ್ನೆ: ಇಂಕ್‌ಸ್ಕೇಪ್‌ನಲ್ಲಿ ಇಂಗ್ಲಿಷ್ ಇನ್ಫೋಗ್ರಾಫಿಕ್ ಟೆಂಪ್ಲೇಟ್ ತೆರೆದು ಕನ್ನಡ ಹಾಕಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ, ಕೊನೆಯ ಸಾಲು ಕಾಣೋದಿಲ್ಲ. ಫಾಂಟ್ ಸಣ್ಣದು ಮಾಡದೆ ಸರಿಮಾಡೋದು ಹೇಗೆ?

ನಾನು ಕಲಬುರಗಿಯಲ್ಲಿ ಕರಪತ್ರ, ಬ್ಯಾನರ್ ವಿನ್ಯಾಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಬಿಸಿಲಿನ ಎಚ್ಚರಿಕೆಯ ಪೋಸ್ಟರ್ ಮಾಡುವಾಗ ಇದೇ ತೊಂದರೆ ಬಂದಿತ್ತು. ಪ್ರತಿ ಚೌಕದ ಎತ್ತರ 22 ಮಿ.ಮೀ., ಅಕ್ಷರ 12 ಪಾಯಿಂಟ್, ಸಾಲಿನ ಅಂತರ 1.25. ಅಂದರೆ ಒಂದು ಸಾಲಿಗೆ 15 ಪಾಯಿಂಟ್, ಸುಮಾರು 5.3 ಮಿ.ಮೀ. ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಸರಿಯಾಗಿ ಕೂತಿದ್ದವು.

ಕನ್ನಡಕ್ಕೆ ಆ ಅಂತರ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ಎರಡೂ ಒಂದೇ ಜಾಗಕ್ಕೆ ಬರುತ್ತವೆ. ‘ರಾಷ್ಟ್ರ’ದಂಥ ಎರಡು ಒತ್ತಿನ ಪದದ ಕೆಳಗೆ ‘ನೀರು’ ಬರೆದು ನೋಡಿ, ತಾಗುತ್ತದೋ ಇಲ್ಲವೋ ಕೂಡಲೇ ಗೊತ್ತಾಗುತ್ತದೆ. ನಾನು 1.5 ಇಟ್ಟೆ. ಈಗ ಒಂದು ಸಾಲಿಗೆ 6.35 ಮಿ.ಮೀ. ಮೂರು ಸಾಲಿಗೆ 19, ನಾಲ್ಕಕ್ಕೆ 25.4. ಹಾಗಾಗಿ ಆ ಚೌಕದಲ್ಲಿ ಹಿಡಿಯುವುದು ಮೂರೇ ಸಾಲು.

ಇಲ್ಲಿ ಫಾಂಟ್ ಕಿರಿದು ಮಾಡುವ ಬದಲು ಮಾತನ್ನೇ ಕಿರಿದು ಮಾಡಿ. ‘ಬಿಸಿಲಿನ ಹೊಡೆತಕ್ಕೆ ಸಿಕ್ಕ ವ್ಯಕ್ತಿಯನ್ನು ತಕ್ಷಣವೇ ನೆರಳಿರುವ ಸ್ಥಳಕ್ಕೆ ಕರೆದುಕೊಂಡು ಹೋಗಬೇಕು’ ಅನ್ನುವುದನ್ನು ‘ಬಿಸಿಲು ಬಡಿದವರನ್ನು ಕೂಡಲೇ ನೆರಳಿಗೆ ತನ್ನಿ’ ಎಂದು ಮಾಡಿದೆ. ಉದ್ದ ಪದಗಳೂ ಹೋದವು. ‘ಕರೆದುಕೊಂಡು’ ಥರದ ಪದ ಸಾಲಿನ ಕೊನೆಯಲ್ಲಿ ಹಿಡಿಯದಿದ್ದರೆ ಇಡಿಯಾಗಿ ಕೆಳಗಿಳಿಯುತ್ತದೆ, ಮೇಲೆ ಸುಮ್ನೆ ಜಾಗ ಹಾಳು.

ಇನ್ನು ಅಕ್ಷರಗಳ ನಡುವಿನ ಜಾಗ. ಇಂಗ್ಲಿಷ್ ಶೀರ್ಷಿಕೆಗಳನ್ನು ಬಿಡಿಬಿಡಿಯಾಗಿ ಹರಡಿರುತ್ತಾರೆ, ಪದ ಬದಲಿಸಿದರೂ ಆ ಅಳತೆ ಹಾಗೇ ಉಳಿಯುತ್ತದೆ. ಕನ್ನಡದಲ್ಲಿ ಆಗ ಒಂದು ಪದ ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯದು. ಅದನ್ನು 0 ಮಾಡಿ. ಟೆಂಪ್ಲೇಟ್ ಮಾಡಿದವರು ಕೈಯಿಂದ ಸರಿಸಿದ ಅಕ್ಷರಗಳಿದ್ದರೆ `Text > Remove Manual Kerns` ಒತ್ತಿ. ಜಾಗ ಸಾಲದೆಂದು ಮೈನಸ್ ಹಾಕಬೇಡಿ. ಬಲಕ್ಕೆ ಚಾಚಿದ ಒತ್ತು ಮುಂದಿನ ಅಕ್ಷರಕ್ಕೆ ಅಂಟುತ್ತದೆ.

ಕೊನೆಯ ಸಾಲು ಕಾಣದಿರುವುದೇ ಎಲ್ಲಕ್ಕಿಂತ ಅಪಾಯ, ಅಲ್ವಾ? ಚೌಕದಲ್ಲಿ ಹಿಡಿಯದ ಪಠ್ಯ ಅಳಿಸಿಹೋಗಿರುವುದಿಲ್ಲ, ತೋರುವುದಿಲ್ಲ ಅಷ್ಟೇ. ಮುದ್ರಣದಲ್ಲೂ ಬರುವುದಿಲ್ಲ. ನನ್ನ ಮೊದಲ ಪ್ರತಿಯಲ್ಲಿ ‘ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬೇಡಿ’ ಅನ್ನುವ ಸಾಲೇ ಬಿಟ್ಟುಹೋಗಿತ್ತು. ಬೇರೆಲ್ಲ ಹೋದರೂ ಅದು ಹೋಗಬಾರದಿತ್ತು. ಪಠ್ಯದ ಸಾಧನ ಹಿಡಿದು ಚೌಕದೊಳಗೆ ಕ್ಲಿಕ್ ಮಾಡಿ. ಪಠ್ಯ ಉಕ್ಕಿದ್ದರೆ ಚೌಕಟ್ಟು ಕೆಂಪಾಗುತ್ತದೆ. ಚೌಕಟ್ಟೇ ಕಾಣದಿದ್ದರೆ ಅದು ಬಿಡಿ ಪಠ್ಯ, ಎಷ್ಟು ಹೊರಗೆ ಹೋದರೂ ಸೂಚನೆ ಬರುವುದಿಲ್ಲ. ಬಣ್ಣದ ಚೌಕದೊಳಗೆ ಸುತ್ತಲೂ 2 ಮಿ.ಮೀ. ಬಿಟ್ಟು ಇನ್ನೊಂದು ಖಾಲಿ ಚೌಕ ಬರೆದು, ಆ ಖಾಲಿ ಚೌಕವನ್ನೂ ಪಠ್ಯವನ್ನೂ ಒಟ್ಟಿಗೆ ಆಯ್ದು `Text > Flow into Frame` ಕೊಡಿ. ಆಗ ಎತ್ತರ 18 ಮಿ.ಮೀ. ಮಾತ್ರ ಉಳಿಯುತ್ತದೆ, ಮೂರು ಸಾಲಿಗೆ ಹೊರಚೌಕವನ್ನು 24ಕ್ಕೆ ಏರಿಸಬೇಕು. ನಾನೂ ಹಾಗೇ ಮಾಡಿ, ಕೊನೆಗೆ ಪಿಡಿಎಫ್ ತೆಗೆದು ಪ್ರತಿ ಚೌಕದ ಕೊನೆಯ ಪದವನ್ನು ಮೂಲ ಬರಹದ ಜೊತೆ ಹೋಲಿಸಿ ನೋಡಿಯೇ ಪ್ರೆಸ್ಸಿಗೆ ಕಳಿಸಿದೆ.