30 ಯಾವ ಸಾಲಿಗೆ ಸೇರುತ್ತದೆ?

"ಸರ್, ನಮಸ್ಕಾರ. ಐಟಿಐ ಮಕ್ಕಳಿಗಾಗಿ ಟಾಲರೆನ್ಸ್ ಟೇಬಲ್ ಓದುವುದು ಹೇಗೆ ಅಂತ ಒಂದು ಲೇಖನ ಬರೆದು ಕಳಿಸಿದ್ದೇನೆ. ಅಳತೆ ದೊಡ್ಡದಾದ ಹಾಗೆ ಟಾಲರೆನ್ಸೂ ಯಾಕೆ ಜಾಸ್ತಿಯಾಗುತ್ತದೆ ಎಂಬುದೂ ಅದರಲ್ಲಿದೆ. ಹಾಕಬಹುದಾ? ತಪ್ಪಿದ್ದರೆ ನೇರವಾಗಿ ಹೇಳಿ." – ಬದಿಯಡ್ಕದಿಂದ ಒಬ್ಬ ಓದುಗ

ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಮಲಯಾಳದಲ್ಲಿ ಪಾಠ ಕೇಳಿ, ಇಂಗ್ಲಿಷಿನಲ್ಲಿ ಟೇಬಲ್ ನೋಡುವ ನಮ್ಮ ಕಡೆಯ ಹುಡುಗರಿಗೆ ಇಂಥದ್ದು ಬೇಕು, ಅದರಲ್ಲಿ ಸಂಶಯ ಇಲ್ಲ. ಆದರೆ ನಿಮ್ಮ ಮೊದಲ ಉದಾಹರಣೆಯೇ ತಪ್ಪಾಗಿದೆ ಮಾರಾಯ್ರೆ.

ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ವ್ಯಾಸ 30 ಮಿ.ಮೀ., ಗ್ರೇಡ್ IT7, ಆದ್ದರಿಂದ ಟಾಲರೆನ್ಸ್ 25 ಮೈಕ್ರಾನ್ ಎಂದು ಬರೆದಿದ್ದೀರಿ. ಅದು 21 ಆಗಬೇಕು. ಟೇಬಲ್ಲಿನ ಎಡಗಡೆ ಎರಡು ಕಾಲಂ ಇರುತ್ತವೆ. ಒಂದು "ಇದಕ್ಕಿಂತ ಮೇಲೆ", ಇನ್ನೊಂದು "ಇದೂ ಸೇರಿ ಇಲ್ಲಿಯವರೆಗೆ". 18ರಿಂದ 30ರ ಸಾಲು ಎಂದರೆ 18 ಆ ಸಾಲಿನಲ್ಲಿಲ್ಲ, 30 ಇದೆ. 30ರಿಂದ 50ರ ಸಾಲಿನಲ್ಲಿ 30 ಇಲ್ಲ, 50 ಇದೆ. ನೀವು 30 ಎಂಬ ಅಂಕಿ ಎಡ ಕಾಲಮ್ಮಿನಲ್ಲಿ ಕಂಡ ತಕ್ಷಣ ಬೆರಳಿಟ್ಟು ಅಡ್ಡಕ್ಕೆ ಹೋಗಿದ್ದೀರಿ. ತುಂಬಾ ಜನ ಹೀಗೇ ಮಾಡುತ್ತಾರೆ, ಅದಕ್ಕೇ ಇದನ್ನು ಲೇಖನದ ಮಧ್ಯದಲ್ಲೆಲ್ಲೋ ಅಡಗಿಸದೆ ಮೊದಲಿಗೇ ಹೇಳಬೇಕು. ಮೊದಲು ಬಲ ಕಾಲಂ ನೋಡಲಿಕ್ಕೆ ಹೇಳಿ: ಮೇಲಿನಿಂದ ಇಳಿಯುತ್ತಾ ಹೋಗಿ, ನಿಮ್ಮ ಅಳತೆಗೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಅಂಕಿ ಸಿಕ್ಕಿದಲ್ಲಿ ನಿಲ್ಲಿ. ಆಗ ತಪ್ಪುವ ಛಾನ್ಸೇ ಇಲ್ಲ.

ನಾಲ್ಕು ಮೈಕ್ರಾನಿನಿಂದ ಏನಾಗುತ್ತದೆ ಎನ್ನಬೇಡಿ. ಡ್ರಾಯಿಂಗಿನಲ್ಲಿ 30 h7 ಎಂದಿದ್ದರೆ ಮೇಲಿನ ಮಿತಿ 30.000, ಕೆಳಗಿನದು 29.979. ನಿಮ್ಮ ಲೆಕ್ಕದಲ್ಲಿ ಕೆಳಗಿನದು 29.975 ಆಗುತ್ತದೆ. ಒಂದು ಶಾಫ್ಟು 29.977 ಬಂತು ಅಂದುಕೊಳ್ಳಿ. ನಿಮ್ಮ ಲೇಖನ ಓದಿದ ಹುಡುಗ ಅದನ್ನು ಪಾಸ್ ಮಾಡುತ್ತಾನೆ, ಗಿರಾಕಿಯ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾನೆ.

ಇಲ್ಲೇ ಇನ್ನೊಂದು ಮಾತು ಸೇರಿಸಿ. ಸಾಲು ಹುಡುಕುವುದು ನಾಮಿನಲ್ ಸೈಜಿನಿಂದ, ಅಂದರೆ ಡ್ರಾಯಿಂಗಿನಲ್ಲಿ ಬರೆದ ಅಳತೆಯಿಂದ. ಮೈಕ್ರೋಮೀಟರಿನಲ್ಲಿ ಬಂದ ಅಳತೆಯಿಂದ ಅಲ್ಲ. ಬೇರಿಂಗ್ ಕೂರುವ ಜಾಗಕ್ಕೆ 30 k6 ಕೊಟ್ಟರೆ ಶಾಫ್ಟು 30.002ರಿಂದ 30.015ರ ನಡುವೆ ಇರಬೇಕು. ಪೂರ್ತಿ 30ಕ್ಕಿಂತ ಮೇಲೆಯೇ ಇದೆ, ಹಾಗಾದರೆ ಮುಂದಿನ ಸಾಲಿಗೆ ಹೋಗಬೇಕಲ್ವಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಬರೆದದ್ದು 30, ಸಾಲೂ 30ರದ್ದೇ.

ಈಗ ನಿಮ್ಮ ಎರಡನೇ ಪುಟ. "30 ಮಿ.ಮೀ. ದಾಟಿದ ಕೂಡಲೇ ಯಂತ್ರದ ತಪ್ಪು ಹೆಚ್ಚಾಗುವುದರಿಂದ ಟಾಲರೆನ್ಸ್ 21ರಿಂದ 25ಕ್ಕೆ ಏರುತ್ತದೆ" ಎಂಬ ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಲೇತಿಗೆ 30ರಲ್ಲಿ ಏನೂ ಗೊತ್ತಾಗುವುದಿಲ್ಲ. ಆ ನೆಗೆತ ಟೇಬಲ್ ಮಾಡಿದ ರೀತಿಯಿಂದ ಬಂದದ್ದು. ಹಿಂದಿರುವ ಸೂತ್ರ ಇದು:

```
i = 0.45 × ∛D + 0.001 × D
IT7 = 16 × i
```

D ಮಿ.ಮೀ.ನಲ್ಲಿ, i ಮೈಕ್ರಾನಿನಲ್ಲಿ. ಆದರೆ ಇಲ್ಲಿ D ಎಂದರೆ ನಿಮ್ಮ ಶಾಫ್ಟಿನ ಅಳತೆ ಅಲ್ಲ. ಸಾಲಿನ ಎರಡು ತುದಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆ. 18 ಮತ್ತು 30 ಗುಣಿಸಿದರೆ 540, ವರ್ಗಮೂಲ 23.24. ಅದರ ಘನಮೂಲ 2.854. 0.45ರಿಂದ ಗುಣಿಸಿದರೆ 1.284, ಅದಕ್ಕೆ 0.023 ಸೇರಿಸಿದರೆ i ಸುಮಾರು 1.307. ಹದಿನಾರರಿಂದ ಗುಣಿಸಿ, 20.9 ಬರುತ್ತದೆ. ಟೇಬಲ್ಲಿನ 21 ಇದೇ. 19 ಮಿ.ಮೀ. ಇರಲಿ, 29 ಇರಲಿ, ಆ ಸಾಲಿನವರಿಗೆಲ್ಲ ಇದೊಂದೇ ಬೆಲೆ. ನೇರವಾಗಿ 30 ಹಾಕಿ ಲೆಕ್ಕ ಮಾಡಿದ್ದರೆ 22.9 ಬರುತ್ತಿತ್ತು, 30.01ಕ್ಕೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಏರಿಕೆ ನಯವಾಗಿದೆ, ಪ್ರತಿ ಅಳತೆಗೂ ಬೇರೆ ಬೇರೆ ಬೆಲೆ, ಬೇರೆ ಬೇರೆ ಗೇಜು ಬೇಡ ಎಂದು ಅದನ್ನು ಮೆಟ್ಟಿಲು ಮಾಡಿದ್ದಾರೆ, ಅಷ್ಟೇ.

ಹಾಗಂತ ಹುಡುಗರಿಗೆ ಸೂತ್ರದಿಂದಲೇ ಕೆಲಸ ಮಾಡಲಿಕ್ಕೆ ಹೇಳಬೇಡಿ. ಟೇಬಲ್ಲಿನ ಅಂಕಿಗಳನ್ನು ಪೂರ್ಣಾಂಕ ಮಾಡಿದ್ದಾರೆ. 3ರಿಂದ 6ರ ಸಾಲಿನಲ್ಲಿ IT11ಕ್ಕೆ ಸೂತ್ರ ಸುಮಾರು 73 ಕೊಡುತ್ತದೆ, ಟೇಬಲ್ಲಿನಲ್ಲಿರುವುದು 75. ಡ್ರಾಯಿಂಗಿಗೆ ಟೇಬಲ್ಲೇ ಪ್ರಮಾಣ. 500 ಮಿ.ಮೀ. ದಾಟಿದರೆ ಈ ಸೂತ್ರವೂ ಅಲ್ಲ, ಅದು ಬೇರೆ.

ಲೇಖನದ ಮುಖ್ಯ ಪ್ರಶ್ನೆಗೆ ನೀವು ಕೊಟ್ಟ ಉತ್ತರ "ದೊಡ್ಡ ವಸ್ತುವಿಗೆ ಅಷ್ಟು ನಿಖರತೆ ಬೇಡ, ವ್ಯಾಸ ಎಷ್ಟು ಪಟ್ಟೋ ಟಾಲರೆನ್ಸೂ ಅಷ್ಟು ಪಟ್ಟು". ಎರಡೂ ಅರ್ಧಗಳು ತಪ್ಪು. 25 ಮಿ.ಮೀ.ಗೆ IT7 21 ಮೈಕ್ರಾನ್. 250 ಮಿ.ಮೀ.ಗೆ 46. ಅಳತೆ ಹತ್ತು ಪಟ್ಟಾಯಿತು, ಟಾಲರೆನ್ಸ್ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಅಳತೆಗೆ ಹೋಲಿಸಿದರೆ ದೊಡ್ಡದಕ್ಕೇ ಹೆಚ್ಚು ಬಿಗಿ. ಒಂದೇ ಯಂತ್ರದಲ್ಲಿ, ಒಂದೇ ಎಚ್ಚರದಲ್ಲಿ ಕೆಲಸ ಮಾಡಿದಾಗ ಬರುವ ತಪ್ಪು ಸುಮಾರಾಗಿ ವ್ಯಾಸದ ಘನಮೂಲದ ಹಾಗೆ ಬೆಳೆಯುತ್ತದೆ ಎಂಬುದು ಕಾರ್ಖಾನೆಗಳ ಅನುಭವದಿಂದ ಬಂದ ಮಾತು. ಸೂತ್ರದ ಮೊದಲ ಭಾಗ ಅದೇ. IT7 ಎಂದರೆ ಎಲ್ಲ ಅಳತೆಗೂ ಒಂದೇ ಮಟ್ಟದ ಕಷ್ಟ. ದೊಡ್ಡದಕ್ಕೂ 21 ಮೈಕ್ರಾನೇ ಕೇಳಿದರೆ ಅದು IT7 ಆಗಿ ಉಳಿಯುವುದಿಲ್ಲ. 250ರ ಸಾಲಿನಲ್ಲಿ IT6ಕ್ಕೇ 29 ಇದೆ, ನೀವು ಅದಕ್ಕಿಂತಲೂ ಬಿಗಿಯಾದದ್ದನ್ನು ಕೇಳಿದ ಹಾಗಾಯಿತು. ಲೇತಿನಲ್ಲಿ ಮುಗಿಯುತ್ತಿದ್ದ ಕೆಲಸ ಗ್ರೈಂಡಿಂಗಿಗೆ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಸೂತ್ರದ ಎರಡನೇ ಭಾಗ, 0.001 × D, ಅಳೆಯುವಾಗ ಆಗುವ ತಪ್ಪಿಗಾಗಿ. ಅದರಲ್ಲಿ ಬಿಸಿಯ ಪಾಲು ದೊಡ್ಡದು, ಕಾಸರಗೋಡಿನ ಸೆಕೆಯಲ್ಲಿ ಕೂತು ಬರೆಯುವವರು ಇದನ್ನು ಹೇಗೆ ಬಿಟ್ಟಿರಿ ಎಂದೇ ನನಗೆ ಆಶ್ಚರ್ಯ. ಅಳತೆಗಳೆಲ್ಲ 20 ಡಿಗ್ರಿಗೆ ಹೇಳಿದ್ದು. ಉಕ್ಕು ಒಂದು ಡಿಗ್ರಿಗೆ ಪ್ರತಿ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಶೆಡ್ಡಿನಲ್ಲಿ 32 ಡಿಗ್ರಿ ಇದ್ದರೂ ಉಕ್ಕಿನ ಶಾಫ್ಟೂ ಮೈಕ್ರೋಮೀಟರೂ ಒಂದೇ ಬಿಸಿಯಲ್ಲಿದ್ದರೆ ತೊಂದರೆ ಕಡಿಮೆ, ಯಾಕೆಂದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹಿಗ್ಗುತ್ತವೆ. ಲೇತಿನಿಂದ ಆಗ ತಾನೇ ತೆಗೆದ ಶಾಫ್ಟು ಮೈಕ್ರೋಮೀಟರಿಗಿಂತ 5 ಡಿಗ್ರಿ ಬಿಸಿ ಇದೆ ಅಂದುಕೊಳ್ಳಿ. 25 ಮಿ.ಮೀ.ಯಲ್ಲಿ ತಪ್ಪು ಒಂದೂವರೆ ಮೈಕ್ರಾನಿನಷ್ಟು, ಬಿಟ್ಟುಬಿಡಬಹುದು. 250ರಲ್ಲಿ 14 ಮೈಕ್ರಾನ್. ಇದ್ದ 46ರಲ್ಲಿ ಮೂರನೇ ಒಂದು ಪಾಲು ಬರೀ ಬಿಸಿಗೇ ಹೋಯಿತು! ಬಿಸಿಯಿದ್ದಾಗ ಸರಿ ಬಂದ ಶಾಫ್ಟು ತಣ್ಣಗಾದ ಮೇಲೆ ಕೆಳಗಿನ ಮಿತಿಗಿಂತ ಸಣ್ಣದಾಗಬಹುದು. ಕಂಡುಹಿಡಿಯುವುದು ಸುಲಭ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ತಿದ್ದುವಾಗ ಇಷ್ಟು ಮಾಡಿ. 30ರ ಶಾಫ್ಟನ್ನೇ ಇಟ್ಟುಕೊಳ್ಳಿ, ಅಂಕಿ ಸರಿಮಾಡಿ, ಪಕ್ಕದಲ್ಲೇ 250ರ ಒಂದು ಶಾಫ್ಟು ತನ್ನಿ. ಟೇಬಲ್ಲಿನ ಫೋಟೊ ಬೇಡ, ಮೂರು ಸಾಲು ಟೈಪ್ ಮಾಡಿದರೆ ಸಾಕು. ಕೈಗಾರಿಕಾ ಕ್ರಾಂತಿಯಿಂದ ಶುರುವಾಗುವ ಮುಕ್ಕಾಲು ಪುಟದ ಪೀಠಿಕೆ ಪೂರ್ತಿ ತೆಗೆಯಿರಿ. ಮುಂದಿನ ಸಂಚಿಕೆಯ ಪುಟಗಳು ತುಂಬಿವೆ, ಅದರ ನಂತರದ್ದಕ್ಕೆ ನೋಡೋಣ.